ಮೊದಲನೆಯದು ಒಂದೇ ಸಂಜೆಯಲ್ಲಿ ಮುಗಿಯಲಿ



ಹೋದ ತಿಂಗಳು ಶನಿವಾರದ ಕ್ಲಾಸಿನಲ್ಲಿ ನಮ್ಮ ಟೀಚರ್, "ಈ ತಿಂಗಳು ಯಾರ್ಯಾರು ಏನೇನು ಓದಿದಿರಿ?" ಅಂತ ಕೇಳಿದರು. ನಾನು ಒಂದು ವಿಷುಯಲ್ ನಾವೆಲ್ ಹೆಸರು ಹೇಳಿದೆ. "ಅದು ಗೇಮ್ ಅಲ್ವೇನಪ್ಪಾ? ಅದನ್ನ ಓದೋದು ಹೇಗೆ?" ಅಂದರು. ಎಲ್ಲರೂ ನಕ್ಕರು. ಆದರೆ ಬ್ರೇಕಿನಲ್ಲಿ ಮೂರು ಜನ ನನ್ನ ಹತ್ತಿರ ಬಂದು, "ಶುರು ಮಾಡೋದಾದರೆ ಯಾವುದರಿಂದ ಶುರು ಮಾಡ್ಬೇಕು?" ಅಂತ ಕೇಳಿದರು. ಅವರಿಗೆ ಅಲ್ಲಿ ನಿಂತುಕೊಂಡೇ ಕೊಟ್ಟ ಉತ್ತರ ಸರಿಯಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟೇ: ಎಲ್ಲರೂ ಹೊಗಳುವ ದೊಡ್ಡದರಿಂದ ಶುರು ಮಾಡಬೇಡಿ. ಒಂದೇ ಸಂಜೆಯಲ್ಲಿ ಮುಗಿಯುವ ಒಂದನ್ನು ಆರಿಸಿ, ಅದನ್ನು ಎರಡು ಸಲ ಓದಿ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಹದಿಮೂರು ವರ್ಷದವನಿದ್ದಾಗ ಬಹಳ ಹೆಸರು ಮಾಡಿದ ಒಂದು ಜಪಾನೀ ವಿಷುಯಲ್ ನಾವೆಲ್ ಅನ್ನು ಹುಟ್ಟುಹಬ್ಬದ ದುಡ್ಡಿನಲ್ಲಿ ಕೊಂಡೆ. ಪೂರ್ತಿ ಓದಲು ಮೂವತ್ತು ಗಂಟೆಗೂ ಹೆಚ್ಚು ಬೇಕು. ಮೂರು ಗಂಟೆ ಮೌಸ್ ಒತ್ತುತ್ತಾ ಕೂತೆ. ನಾನು ಆರಿಸುವಂಥದ್ದು ಒಂದೂ ಬರಲಿಲ್ಲ. ಬೇಜಾರಾಗಿ ಬಿಟ್ಟೆ, ಒಂದು ವರ್ಷ ಈ ಕಡೆ ತಲೆಯೇ ಹಾಕಲಿಲ್ಲ. ತಪ್ಪು ಆ ಕಥೆಯದಲ್ಲ. ಅಷ್ಟು ಉದ್ದದ ಕಥೆಗಳು ಮೊದಲ ಕೆಲವು ಗಂಟೆ ಪಾತ್ರಗಳ ಪರಿಚಯಕ್ಕೇ ಮೀಸಲಿಡುತ್ತವೆ. ಈ ಜಾತಿಯ ಕಥೆ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದವರು ಕಾಯುತ್ತಾರೆ. ನನಗೆ ಗೊತ್ತಿರಲಿಲ್ಲ.

ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇದರಲ್ಲಿ ಎರಡು ದಾರಿಗಳಿವೆ. ಒಂದು ಬರೀ ಅಕ್ಷರದ ದಾರಿ, ಇಂಟರಾಕ್ಟಿವ್ ಫಿಕ್ಷನ್. ಅಮೆರಿಕದ ವಿಲ್ ಕ್ರೌದರ್ 1970ರ ದಶಕದಲ್ಲಿ ಗುಹೆಯೊಂದರಲ್ಲಿ ಅಲೆದಾಡುವ ಕಥೆ ಬರೆದರು. ಅಲ್ಲಿ ಚಿತ್ರವೇ ಇಲ್ಲ. ಕಂಪ್ಯೂಟರ್ ಒಂದು ಜಾಗವನ್ನು ವರ್ಣಿಸುತ್ತದೆ, ನೀವು ಏನು ಮಾಡಬೇಕೆಂದು ಟೈಪ್ ಮಾಡುತ್ತೀರಿ. ಇನ್ನೊಂದು ಜಪಾನಿನಲ್ಲಿ ಬೆಳೆದ ವಿಷುಯಲ್ ನಾವೆಲ್. ಹಿಂದೆ ಒಂದು ಚಿತ್ರ, ಮುಂದೆ ಪಾತ್ರ, ಕೆಳಗೆ ಮಾತು, ಜೊತೆಗೆ ಸಂಗೀತ. ಓದುತ್ತಾ ಹೋದಂತೆ ನಡುನಡುವೆ ಎರಡೋ ಮೂರೋ ಸಾಲು ಬರುತ್ತವೆ, ಅದರಲ್ಲಿ ಒಂದನ್ನು ಆರಿಸಬೇಕು. ಆಯ್ಕೆಯೇ ಇಲ್ಲದ ವಿಷುಯಲ್ ನಾವೆಲ್‌ಗಳೂ ಇವೆ.

ಈಗ ಒಂದು ಸಣ್ಣ ಲೆಕ್ಕ. ಪ್ರತಿ ಆಯ್ಕೆಯಲ್ಲಿ ಎರಡು ದಾರಿ ಅಂದುಕೊಳ್ಳಿ. ಹತ್ತು ಆಯ್ಕೆ ಆದ ಮೇಲೆ 1024 ಬೇರೆ ಬೇರೆ ಕಥೆಗಳಾಗುತ್ತವೆ. ಅಷ್ಟನ್ನು ಯಾರೂ ಬರೆಯಲಾರರು. ಹಾಗಾಗಿ ಲೇಖಕರು ದಾರಿಯನ್ನು ಒಡೆದು, ಸ್ವಲ್ಪ ದೂರ ಹೋದ ಮೇಲೆ ಮತ್ತೆ ಸೇರಿಸುತ್ತಾರೆ. ನೀವು ಏನು ಆರಿಸಿದಿರಿ ಅನ್ನುವುದನ್ನು ಮಾತ್ರ ಕಥೆ ನೆನಪಿಟ್ಟುಕೊಂಡಿರುತ್ತದೆ. ಎಷ್ಟೋ ಪುಟ ಆದ ಮೇಲೆ ಒಂದು ಪಾತ್ರ "ಅವತ್ತು ನೀನು ಬರಲಿಲ್ಲ" ಅಂತ ಹೇಳಬಹುದು. ಒಳ್ಳೆಯ ಕಥೆ ಯಾವುದು ಅಂತ ಗೊತ್ತಾಗುವುದು ಅಲ್ಲಿಯೇ. ದಾರಿ ಸೇರಿದ ಮೇಲೆ ಎಲ್ಲವನ್ನೂ ಮರೆತುಬಿಡುವ ಕಥೆಯಲ್ಲಿ ನಿಮ್ಮ ಆಯ್ಕೆ ಬರೀ ತೋರಿಕೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಮೊದಲ ಆಯ್ಕೆ ಬಂದ ಕೂಡಲೇ ಸೇವ್ ಮಾಡಿ. ಒಂದನ್ನು ಆರಿಸಿ ಹತ್ತು ನಿಮಿಷ ಓದಿ. ವಾಪಸ್ ಬಂದು ಇನ್ನೊಂದನ್ನು ಆರಿಸಿ. ರೆನ್‌ಪೈ ಎಂಬ ಉಚಿತ ಸಾಧನದಿಂದ ಮಾಡಿದ ಕಥೆಗಳಲ್ಲಿ ಸಾಮಾನ್ಯವಾಗಿ ಮೌಸಿನ ಚಕ್ರವನ್ನು ಮೇಲಕ್ಕೆ ತಿರುಗಿಸಿದರೆ ಕಥೆ ಹಿಂದಕ್ಕೆ ಹೋಗುತ್ತದೆ, `Ctrl` ಒತ್ತಿ ಹಿಡಿದರೆ ಓದಿದ ಭಾಗ ಬೇಗ ದಾಟುತ್ತದೆ. ಆದರೆ ಮೂವತ್ತು ಗಂಟೆಯ ಕಥೆಯಲ್ಲಿ ಈ ಪರೀಕ್ಷೆ ಪೂರ್ತಿ ಆಗುವುದಿಲ್ಲ, ಯಾಕೆಂದರೆ ಆಯ್ಕೆಯ ಫಲ ಕಾಣುವುದು ಬಹಳ ದೂರದಲ್ಲಿ. ಚಿಕ್ಕ ಕಥೆಯಲ್ಲಿ ಅರ್ಧ ಗಂಟೆಯೊಳಗೆ ಕೊನೆ ಮುಟ್ಟಿ, ತಿರುಗಿ ಬಂದು ಇನ್ನೊಂದು ದಾರಿ ನೋಡಬಹುದು. ಒಂದೇ ಸಂಜೆ ಅಂತ ನಾನು ಹೇಳುವುದು ಇದಕ್ಕೇ.

ಅಕ್ಷರದ ದಾರಿಯಲ್ಲಿ ನನ್ನ ಸಲಹೆ ಆಡಮ್ ಕಾಡ್ರೆ 2000ದಲ್ಲಿ ಬರೆದ "9:05". ಉಚಿತ, ಬ್ರೌಸರಿನಲ್ಲೇ ಓದಬಹುದು, ಹತ್ತು ನಿಮಿಷ ಸಾಕು. ಫೋನ್ ಹೊಡೆದುಕೊಳ್ಳುತ್ತಿರುತ್ತದೆ, ನೀವು ಹಾಸಿಗೆಯಲ್ಲಿ ಎಚ್ಚರಾಗುತ್ತೀರಿ, ಹೊತ್ತಾಗಿದೆ. ಅಷ್ಟೇ ಶುರು. ಹೊಸಬರು ಇಲ್ಲಿ ಮಾಡುವ ತಪ್ಪು ಒಂದೇ: ಪೂರ್ತಿ ವಾಕ್ಯ ಬರೆಯುವುದು. "ನಾನು ಈಗ ಯಾರು ಫೋನ್ ಮಾಡಿದ್ದು ಅಂತ ನೋಡುತ್ತೇನೆ" ಅಂತ ಇಂಗ್ಲಿಷಿನಲ್ಲಿ ಬರೆದರೆ ಅದಕ್ಕೆ ಅರ್ಥವಾಗುವುದಿಲ್ಲ. ಒಂದು ಕ್ರಿಯಾಪದ, ಒಂದು ವಸ್ತು, ಅಷ್ಟು ಸಾಕು: `answer phone`, ಆಮೇಲೆ `get up`, ಆಮೇಲೆ `take keys`. ಸುತ್ತ ಏನಿದೆ ಅಂತ ನೋಡಲು `look`. ದಿಕ್ಕಿಗೆ ಒಂದೇ ಅಕ್ಷರ, ದಕ್ಷಿಣಕ್ಕೆ `s`, ಪೂರ್ವಕ್ಕೆ `e`.

ನಮ್ಮ ಅಪ್ಪ ಇದನ್ನೆಲ್ಲ "ಗೇಮ್" ಅಂತಲೇ ಕರೆಯುತ್ತಾರೆ. ವಾರದ ದಿನಗಳಲ್ಲಿ ನನಗೆ ಗೇಮಿಗೆ ಮುಕ್ಕಾಲು ಗಂಟೆ ಮಾತ್ರ, ಅದರಲ್ಲೇ ಇದೂ ಸೇರಬೇಕು. ಒಂದು ಭಾನುವಾರ ಅವರನ್ನೇ ಕೂರಿಸಿ "9:05" ತೆರೆದುಕೊಟ್ಟೆ. ಎದ್ದರು, ಸ್ನಾನ ಮಾಡಿದರು, ಬಟ್ಟೆ ಹಾಕಿಕೊಂಡರು, ಹೊರಟರು. "ಇದರಲ್ಲಿ ಏನಿದೆಯೋ, ನನ್ನ ಸೋಮವಾರದ ಹಾಗೇ ಇದೆ" ಅಂದರು. ಕೊನೆ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಸಲ ಕೊಡು" ಅಂದರು.

ಏನಾಯಿತು ಅಂತ ನಾನು ಹೇಳುವುದಿಲ್ಲ. ಎರಡನೇ ಸಲ ಓದುವಾಗ ಅವೇ ವಾಕ್ಯಗಳಿಗೆ ಬೇರೆ ಅರ್ಥ ಬರುತ್ತದೆ ಅಂತ ಮಾತ್ರ ಹೇಳುತ್ತೇನೆ. ಲೇಖಕ ಎಲ್ಲೂ ಸುಳ್ಳು ಹೇಳಿರುವುದಿಲ್ಲ. ನಾವೇ ಏನೋ ಒಂದನ್ನು ಕೇಳದೆ ಒಪ್ಪಿಕೊಂಡಿರುತ್ತೇವೆ. ಪುಸ್ತಕದಲ್ಲೂ ಇಂಥ ತಿರುವು ಇರುತ್ತದೆ. ಆದರೆ ಪುಸ್ತಕದಲ್ಲಿ ಮೋಸ ಹೋಗುವುದು ನಮ್ಮ ಕಣ್ಣು, ಇಲ್ಲಿ ಪ್ರತಿ ಹೆಜ್ಜೆಯನ್ನೂ ನಮ್ಮ ಕೈಯೇ ಟೈಪ್ ಮಾಡಿರುತ್ತದೆ. ಟೀಚರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಇದನ್ನು ಓದದೆ ಮುಗಿಸಲು ಸಾಧ್ಯವೇ ಇಲ್ಲ. (ಹದಿಮೂರಕ್ಕಿಂತ ಚಿಕ್ಕವರಿಗೆ ಬೇಡ. ಯಾಕೆ ಅಂತ ದೊಡ್ಡವರು ಮುಗಿಸಿ ನೋಡಲಿ.)

ಚಿತ್ರದ ಕಥೆಯೇ ಬೇಕು ಅನ್ನುವವರಿಗೆ "ವೆಂಬಾ". ಇದು 2023ರಲ್ಲಿ ಬಂದದ್ದು, ನಮ್ಮ ಟೊರೊಂಟೋದಲ್ಲೇ ಮಾಡಿದ್ದು. ಪೂರ್ತಿ ವಿಷುಯಲ್ ನಾವೆಲ್ ಅಲ್ಲ, ನಡುವೆ ಅಡುಗೆಯ ಒಗಟುಗಳಿವೆ. ದುಡ್ಡು ಕೊಟ್ಟು ಕೊಳ್ಳಬೇಕು, ಆದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. 1980ರ ದಶಕದಲ್ಲಿ ಕೆನಡಾಕ್ಕೆ ಬಂದ ತಮಿಳು ದಂಪತಿಯ ಕಥೆ. ತಾಯಿ ಕೊಟ್ಟ ಅಡುಗೆ ಪುಸ್ತಕ ಹಾಳಾಗಿದೆ, ಕೆಲವು ಸಾಲುಗಳು ಕಾಣುವುದಿಲ್ಲ, ಏನು ಇದ್ದಿರಬಹುದು ಅಂತ ನಾವು ಯೋಚಿಸಿ ಅಡುಗೆ ಮಾಡಬೇಕು. ಮೊದಲ ಅಡುಗೆ ಇಡ್ಲಿ. ನಾನು ತಟ್ಟೆ ಜೋಡಿಸುವಾಗ ಹಿಂದಿನಿಂದ ಅಮ್ಮ, "ಒಂದರ ಗುಳಿ ಮೇಲೆ ಇನ್ನೊಂದರ ಗುಳಿ ಬರಬಾರದು ಕಣೋ, ಆವಿ ಹೋಗೋದು ಹೇಗೆ?" ಅಂದರು. ಗೊತ್ತಿದ್ದವರಿಗೆ ಅದು ಒಗಟೇ ಅಲ್ಲ!

ಇಲ್ಲಿ ನೀವು ಏನು ಆರಿಸಿದರೂ ಕಥೆ ಹೆಚ್ಚು ಬದಲಾಗುವುದಿಲ್ಲ. ಮೇಲಿನ ನನ್ನ ಪರೀಕ್ಷೆಯಲ್ಲಿ ಇದು ಪಾಸಾಗುವುದಿಲ್ಲ. ಆದರೂ ಸೇರಿಸಿದ್ದೇನೆ, ಯಾಕೆಂದರೆ ಆಯ್ಕೆಗೆ ಇನ್ನೊಂದು ಕೆಲಸವೂ ಇದೆ. ಕೊನೆಯನ್ನು ಬದಲಿಸದಿದ್ದರೂ "ನೀನು ಏನು ಹೇಳುತ್ತಿದ್ದೆ?" ಅಂತ ಅದು ನಮ್ಮನ್ನು ನಿಲ್ಲಿಸಿ ಕೇಳುತ್ತದೆ. ಕಥೆಯ ಮಗ ಕವಿನ್ ದೊಡ್ಡವನಾದ ಮೇಲೆ ಅಮ್ಮನ ಅಡುಗೆ ಪುಸ್ತಕ ಹಿಡಿದು ನಿಲ್ಲುತ್ತಾನೆ. ಅವನಿಗೆ ತಮಿಳು ಸರಿಯಾಗಿ ಓದಲು ಬರುವುದಿಲ್ಲ, ಹಾಗಾಗಿ ನಮಗೂ ಅರ್ಧಂಬರ್ಧವೇ ಸಿಗುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ಬರೆದುಕೊಟ್ಟ ಸಾರಿನ ಪುಡಿಯ ಚೀಟಿ ಇದೆ. ಅವತ್ತು ರಾತ್ರಿ ಅದನ್ನು ತೆಗೆದು ಓದಿದೆ. ಅಕ್ಷರಗಳೆಲ್ಲ ಬಂದವು. "ಪಾವು", "ಚಟಾಕು" ಅಂದರೆ ಏನು ಅಂತ ಗೊತ್ತಾಗಲಿಲ್ಲ. ಅಮ್ಮನನ್ನು ಕೇಳಿದೆ, ಅಮ್ಮ ಅಜ್ಜಿಗೆ ಫೋನ್ ಮಾಡಿದರು.

ಒಂದು ಎಚ್ಚರಿಕೆಯನ್ನು ಅಪ್ಪ ಅಮ್ಮಂದಿರಿಗೆ ಹೇಳಲೇಬೇಕು. ಮುಖಚಿತ್ರ ನೋಡಿ ಆರಿಸಬೇಡಿ. ನನ್ನ ಹತ್ತು ವರ್ಷದ ತಂಗಿ ಗುಲಾಬಿ ಬಣ್ಣ, ನಗುವ ಹುಡುಗಿಯರು, ಉಚಿತ ಅಂತ ನೋಡಿ "ಡೋಕಿ ಡೋಕಿ ಲಿಟರೇಚರ್ ಕ್ಲಬ್" ಇಳಿಸಿಕೊಳ್ಳಲು ಹೊರಟಿದ್ದಳು. ಅದು ಮಕ್ಕಳಿಗಲ್ಲ ಅಂತ ಶುರುವಿನಲ್ಲೇ ಅದೇ ಹೇಳುತ್ತದೆ. ನಡುವೆ ಬಹಳ ಭಯಂಕರವಾಗುತ್ತದೆ, ಆತ್ಮಹತ್ಯೆಯ ವಿಷಯ ಬರುತ್ತದೆ. ದೊಡ್ಡವರ ಪ್ರೇಮಕಥೆಗಳೂ ಈ ಜಾತಿಯಲ್ಲಿ ಬೇಕಾದಷ್ಟಿವೆ. ಇಳಿಸುವ ಮೊದಲು ಆ ಪುಟದಲ್ಲಿರುವ ವಯಸ್ಸಿನ ಗುರುತು ಮತ್ತು ಎಚ್ಚರಿಕೆಯ ಸಾಲುಗಳನ್ನು ಓದಲು ಎರಡು ನಿಮಿಷ ಸಾಕು. ಇಡೀ ಜಾತಿಯನ್ನೇ ಮನೆಯಿಂದ ಹೊರಗಿಡುವುದಕ್ಕಿಂತ ಇದು ಒಳ್ಳೆಯದು ಅಂತ ನನ್ನ ವಾದ.

ಇವೆರಡೂ ಹಿಡಿಸಿದರೆ ಮೂರನೆಯದು "80 ಡೇಸ್" (2014). ಜೂಲ್ಸ್ ವರ್ನ್ ಕಾದಂಬರಿಯನ್ನು ಸೇವಕನ ಕಣ್ಣಿನಿಂದ ಹೇಳುವ ಕಥೆ. ಯಾವ ಊರಿಂದ ಯಾವ ಊರಿಗೆ ಅನ್ನುವುದು ನಿಮ್ಮ ಕೈಯಲ್ಲಿ, ಒಂದು ಪ್ರಯಾಣದಲ್ಲಿ ಬಹುಪಾಲು ಊರುಗಳು ಕಾಣುವುದೇ ಇಲ್ಲ. ಉದ್ದದ ಜಪಾನೀ ಕಥೆಗಳನ್ನು ಅದಾದ ಮೇಲೆ ಮುಟ್ಟಿ. ನಾನು ಬಿಟ್ಟಿದ್ದನ್ನು ಹೋದ ಬೇಸಿಗೆ ರಜೆಯಲ್ಲಿ ಮತ್ತೆ ಹಿಡಿದು ಮುಗಿಸಿದೆ.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಬೇಕಾದರೆ ಬಹುಶಃ ನಾವೇ ಬರೆದುಕೊಳ್ಳಬೇಕು, ಮತ್ತು ಅದು ಕಷ್ಟವೇನಲ್ಲ. ಟ್ವೈನ್ ಎಂಬ ಉಚಿತ ಸಾಧನದಲ್ಲಿ ಬರೆದ ಕಥೆ ಬ್ರೌಸರಿನಲ್ಲಿ ತೆರೆಯುತ್ತದೆ, ಹಾಗಾಗಿ ಕನ್ನಡ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಎರಡು ಚೌಕ ಆವರಣದೊಳಗೆ ಬರೆದದ್ದು ಆಯ್ಕೆಯಾಗುತ್ತದೆ, ಅದಕ್ಕೊಂದು ಹೊಸ ಪುಟ ತಾನಾಗಿ ಹುಟ್ಟುತ್ತದೆ. ನನ್ನದು ಹೀಗೆ ಶುರುವಾಗುತ್ತದೆ:

```
ನಾಳೆ ಪರೀಕ್ಷೆ. ಅಜ್ಜಿಯ ಫೋನ್ ಬರುತ್ತಿದೆ.
[[ಎತ್ತುತ್ತೇನೆ]]
[[ಆಮೇಲೆ ಮಾಡುತ್ತೇನೆ]]
```

ಮೊದಲನೆಯ ಪುಟ ಬರೆದು ಮುಗಿಸಿದ್ದೇನೆ. ಎರಡನೆಯದು ಇನ್ನೂ ಖಾಲಿ ಇದೆ. ಆ ಪುಟಕ್ಕೆ ಏನು ಬರೆಯಬಹುದು ಅಂತ ಹೊಳೆದವರು ಶನಿವಾರ ಬ್ರೇಕಿನಲ್ಲಿ ಹೇಳಿ.