ತೇರ್ಗಡೆಯ ಗೆರೆಯನ್ನು ಎಳೆಯುವವರು ಯಾರು?

ಪರೀಕ್ಷೆಯಲ್ಲಿ ತೇರ್ಗಡೆಯಾಗಲು ನೂರಕ್ಕೆ ಎಷ್ಟು ಅಂಕಗಳು ಬೇಕು? ನಮ್ಮ ದೇಶದಲ್ಲಿ ಬಹುಕಾಲದಿಂದ ಕೇಳಿಬಂದಿರುವ ಉತ್ತರ, ಮೂವತ್ತೈದು. ಆದರೆ ಮೂವತ್ತೈದೇ ಏಕೆ, ಮೂವತ್ತೊಂಬತ್ತು ಏಕಲ್ಲ ಎಂದು ಕೇಳಿದರೆ ಯಾರಲ್ಲಿಯೂ ಉತ್ತರವಿಲ್ಲ. ಈ ವರ್ಷದ ಪ್ರಶ್ನಪತ್ರಿಕೆ ಸುಲಭವಾಗಿದ್ದು ಮುಂದಿನ ವರ್ಷದ್ದು ಕಠಿಣವಾದರೆ ಅದೇ ಮೂವತ್ತೈದು ಒಬ್ಬನಿಗೆ ತಗ್ಗಾದ ಹೊಸ್ತಿಲು, ಇನ್ನೊಬ್ಬನಿಗೆ ಎತ್ತರದ ಗೋಡೆ. ಸಂಖ್ಯೆ ಸ್ಥಿರವಾಗಿದೆ, ಅದು ಅಳೆಯುವ ಯೋಗ್ಯತೆ ಮಾತ್ರ ವರ್ಷವರ್ಷಕ್ಕೂ ಬದಲಾಗುತ್ತಿದೆ. ಉತ್ತೀರ್ಣಾಂಕವನ್ನು ಪ್ರಶ್ನಪತ್ರಿಕೆಯಿಂದಲೇ ಹುಟ್ಟಿಸಬೇಕು, ಹೇಗೆ ಹುಟ್ಟಿತೆಂಬುದನ್ನು ಪರೀಕ್ಷಾರ್ಥಿಗಳಿಗೆ ತೆರೆದು ತೋರಿಸಬೇಕು ಎಂಬುದು ಈ ಲೇಖಕನ ಅಭಿಪ್ರಾಯ.

ಅಂತಹ ಒಂದು ಕ್ರಮವು ಅಮೆರಿಕದ ವಿಲಿಯಂ ಆಂಗಾಫ್ ಅವರ ಹೆಸರಿನಲ್ಲಿ ಬಳಕೆಯಲ್ಲಿದೆ. ಪ್ರಿನ್ಸ್‌ಟನ್ನಿನ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆಯಲ್ಲಿದ್ದ ಅವರು 1971ರಲ್ಲಿ, ಅಂಕಗಳ ಅಳತೆಯನ್ನು ಕುರಿತ ಒಂದು ದೀರ್ಘ ಅಧ್ಯಾಯದ ನಡುವೆ ಕೆಲವೇ ಸಾಲುಗಳಲ್ಲಿ ಇದನ್ನು ಸೂಚಿಸಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ರೂಪವಂತೂ ಅಲ್ಲಿ ಅಡಿಟಿಪ್ಪಣಿಯಾಗಿ ಬಂದದ್ದು. ಮೂಲ ಕಲ್ಪನೆ ತಮ್ಮ ಸಹೋದ್ಯೋಗಿ ಲೆಡ್‌ಯಾರ್ಡ್ ಟಕ್ಕರ್ ಅವರದೆಂದು ಆಂಗಾಫರೇ ಹೇಳಿಕೊಂಡಿದ್ದಾರೆ. ವೈದ್ಯರಿಗೆ ಪರವಾನಗಿ ಕೊಡುವ ಪರೀಕ್ಷೆಗಳೇ ಮೊದಲಾದ ಅನೇಕ ಕಡೆ ಈ ಕ್ರಮ, ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ, ನಡೆದು ಬಂದಿದೆ.

ಕ್ರಮವು ಸರಳವಾದುದು. ವಿಷಯವನ್ನು ಬಲ್ಲ, ಕಲಿಯುವವರನ್ನೂ ಬಲ್ಲ ಹಲವರನ್ನು ತೀರ್ಪುಗಾರರಾಗಿ ಕೂಡಿಸುತ್ತಾರೆ. ಅವರು ಮೊದಲು ಒಬ್ಬ ಕಲ್ಪಿತ ಅಭ್ಯರ್ಥಿಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಅವನು ಜಾಣನಲ್ಲ, ದಡ್ಡನೂ ಅಲ್ಲ. ತೇರ್ಗಡೆಗೆ ಬೇಕಾದಷ್ಟೇ ಯೋಗ್ಯತೆಯುಳ್ಳವನು, ಹೊಸ್ತಿಲ ಮೇಲೆ ನಿಂತವನು. ಅನಂತರ ಪ್ರತಿಯೊಂದು ಪ್ರಶ್ನೆಯನ್ನೂ ಓದಿ, ಇಂತಹ ನೂರು ಮಂದಿ ಹೊಸ್ತಿಲ ಅಭ್ಯರ್ಥಿಗಳಲ್ಲಿ ಎಷ್ಟು ಮಂದಿ ಇದಕ್ಕೆ ಸರಿಯಾದ ಉತ್ತರ ಕೊಟ್ಟಾರು ಎಂದು ಅಂದಾಜು ಬರೆಯಬೇಕು. ಎಲ್ಲರ ಅಂದಾಜುಗಳ ಸರಾಸರಿಯೇ ಉತ್ತೀರ್ಣಾಂಕ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯೋಣ. ದಾದಿಯರಿಗೆ ಔಷಧದ ಲೆಕ್ಕದಲ್ಲಿ ಪರೀಕ್ಷೆ ಎಂದಿಟ್ಟುಕೊಳ್ಳಿ. ಐದೇ ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಸೂಚಿತ ಉತ್ತರಗಳು, ತೀರ್ಪುಗಾರರು ನಾಲ್ವರು. ಮೊದಲ ಪ್ರಶ್ನೆ ಸುಲಭ: 500 ಮಿಲಿಗ್ರಾಂ ಔಷಧ ಬೇಕು, ಒಂದು ಮಾತ್ರೆಯಲ್ಲಿರುವುದು 250 ಮಿಲಿಗ್ರಾಂ, ಎಷ್ಟು ಮಾತ್ರೆ ಕೊಡಬೇಕು? ಎರಡನೆಯದು ಸ್ವಲ್ಪ ತೊಡಕಿನದು: ಒಂದು ಲೀಟರು ಲವಣದ್ರವವನ್ನು 8 ಗಂಟೆಗಳಲ್ಲಿ ರಕ್ತನಾಳಕ್ಕೆ ಹರಿಸಬೇಕು, ಒಂದು ಮಿಲಿಲೀಟರಿಗೆ 20 ಹನಿಗಳು, ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು? ಉತ್ತರ ಸುಮಾರು 42. ತೀರ್ಪುಗಾರರ ಅಂದಾಜುಗಳು ಹೀಗಿರಲಿ:

| ಪ್ರಶ್ನೆ | ಅ | ಆ | ಇ | ಈ | ಸರಾಸರಿ |
|---|---|---|---|---|---|
| 1 | 90 | 95 | 85 | 90 | 90 |
| 2 | 60 | 70 | 40 | 70 | 60 |
| 3 | 35 | 45 | 25 | 35 | 35 |
| 4 | 80 | 85 | 70 | 85 | 80 |
| 5 | 55 | 65 | 45 | 55 | 55 |
| ಸರಾಸರಿ | 64 | 72 | 53 | 67 | 64 |

ಬಲಗಡೆಯ ಕೊನೆಯ ಸಂಖ್ಯೆಯಂತೆ ಉತ್ತೀರ್ಣಾಂಕ ನೂರಕ್ಕೆ 64. ಪತ್ರಿಕೆ ಕಠಿಣವಾಗಿದ್ದರೆ ಅಂದಾಜುಗಳು ತಗ್ಗಿ ಗೆರೆಯೂ ತಗ್ಗುತ್ತಿತ್ತು, ಸುಲಭವಾಗಿದ್ದರೆ ಏರುತ್ತಿತ್ತು. ಮೂವತ್ತೈದರ ಕಟ್ಟಳೆಗೆ ಇಲ್ಲದ ಗುಣ ಇದು.

ಆದರೆ ಕೆಳಗಿನ ಸಾಲನ್ನು ಗಮನಿಸಿ. ಒಬ್ಬ ತೀರ್ಪುಗಾರ 53 ಸಾಕೆನ್ನುತ್ತಾನೆ, ಇನ್ನೊಬ್ಬ 72 ಬೇಕೆನ್ನುತ್ತಾನೆ. ಇಬ್ಬರ ಮನಸ್ಸಿನಲ್ಲಿಯೂ ನಿಂತಿರುವ ಹೊಸ್ತಿಲ ಅಭ್ಯರ್ಥಿ ಒಬ್ಬನೇ ಅಲ್ಲವೆಂಬುದು ಸ್ಪಷ್ಟ. ಈ ಚೆದರಿಕೆಯಿಂದ ಸರಾಸರಿಯಲ್ಲಿರುವ ಅನಿಶ್ಚಯವನ್ನು ಲೆಕ್ಕ ಹಾಕಬಹುದು. ಇಲ್ಲಿ ಅದು ಸುಮಾರು 4 ಅಂಕ. ಎಂದರೆ, ಇಂತಹವರೇ ಬೇರೆ ನಾಲ್ವರನ್ನು ಕೂಡಿಸಿದ್ದರೆ ಗೆರೆ 60ಕ್ಕೋ 68ಕ್ಕೋ ಬೀಳುವುದು ಅಸಂಭವವೇನೂ ಆಗಿರಲಿಲ್ಲ. ಇಷ್ಟೇ ಚೆದರಿಕೆಯುಳ್ಳ ಹದಿನಾರು ಮಂದಿಯನ್ನು ಕೂಡಿಸಿದರೆ ಅನಿಶ್ಚಯ ಅರ್ಧಕ್ಕೆ ಇಳಿಯುತ್ತದೆ. ಬೆರಳೆಣಿಕೆಯ ತೀರ್ಪುಗಾರರಿಂದ ಈ ಕೆಲಸ ಮಾಡಿಸಬಾರದೆನ್ನುವುದಕ್ಕೆ ಇದೇ ಕಾರಣ.

ಇದಕ್ಕಿಂತ ಗಹನವಾದ ದೋಷ ಇನ್ನೊಂದಿದೆ. ಮನುಷ್ಯರು ಸಂಭವವನ್ನು ಅಂದಾಜು ಮಾಡುವುದರಲ್ಲಿ ನಿಪುಣರಲ್ಲ. ತೀರ್ಪುಗಾರರು ಸಾಮಾನ್ಯವಾಗಿ ಕಠಿಣ ಪ್ರಶ್ನೆಯನ್ನು ಅದು ಇರುವುದಕ್ಕಿಂತ ಸುಲಭವೆಂದೂ, ಸುಲಭ ಪ್ರಶ್ನೆಯನ್ನು ಇರುವುದಕ್ಕಿಂತ ಕಠಿಣವೆಂದೂ ಎಣಿಸುತ್ತಾರೆ. ಉತ್ತರ ತಿಳಿದವನಿಗೆ, ಅದು ತಿಳಿಯದವನ ಕಷ್ಟ ಹೊಳೆಯದು. ಅಮೆರಿಕದ ಶಾಲಾಮಕ್ಕಳ ರಾಷ್ಟ್ರೀಯ ಪರೀಕ್ಷೆಯಲ್ಲಿ ಈ ಕ್ರಮವನ್ನು ಅನುಸರಿಸಿದಾಗ, 1993ರಲ್ಲಿ ಅಲ್ಲಿನ ನ್ಯಾಷನಲ್ ಅಕಾಡೆಮಿ ಆಫ್ ಎಜುಕೇಷನ್ನಿನ ಸಮಿತಿಯೊಂದು ಇದರ ಬುನಾದಿಯಲ್ಲಿಯೇ ದೋಷವಿದೆಯೆಂದು ಟೀಕಿಸಿತು. ಆ ಟೀಕೆಯನ್ನು ಒಪ್ಪದವರೂ ಇದ್ದರು. ಚರ್ಚೆ ಬಹುಕಾಲ ನಡೆಯಿತು.

ಹಾಗಾದರೆ ಕ್ರಮವನ್ನು ಕೈಬಿಡಬೇಕೆ? ಬೇಡ, ತಿದ್ದಬಹುದು. ಮೊದಲ ಸುತ್ತಿನ ಅಂದಾಜು ಮುಗಿದ ಮೇಲೆ, ಪ್ರಶ್ನೆಗಳಿಗೆ ಹಿಂದೆ ನಿಜವಾಗಿ ಎಷ್ಟು ಮಂದಿ ಸರಿಯುತ್ತರ ಕೊಟ್ಟಿದ್ದರೆಂಬುದನ್ನು ತೀರ್ಪುಗಾರರಿಗೆ ತೋರಿಸುವುದುಂಟು. ನಮ್ಮ ಹನಿಗಳ ಪ್ರಶ್ನೆಗೆ ಹಿಂದಿನ ಪರೀಕ್ಷೆಯಲ್ಲಿ ನೂರಕ್ಕೆ 45 ಮಂದಿ ಮಾತ್ರ ಸರಿಯುತ್ತರ ಕೊಟ್ಟಿದ್ದರೆನ್ನೋಣ. ಅವರಲ್ಲಿ ಬಹುಪಾಲು ಹೊಸ್ತಿಲು ದಾಟಿದ ಸಮರ್ಥರೇ. ಸಮರ್ಥರೇ ಹೆಚ್ಚಾಗಿರುವ ಗುಂಪಿನಲ್ಲಿ 45 ಮಂದಿ ಗೆದ್ದ ಪ್ರಶ್ನೆಯನ್ನು ಹೊಸ್ತಿಲ ಮೇಲಿನವರಲ್ಲಿ 60 ಮಂದಿ ಗೆಲ್ಲುವುದು ಹೇಗೆ? ತೀರ್ಪುಗಾರರು ಚರ್ಚಿಸಿ ಆ ಒಂದು ಪ್ರಶ್ನೆಗೆ ತಮ್ಮ ಅಂದಾಜುಗಳನ್ನು 40, 45, 35, 40 ಎಂದು ತಿದ್ದಿದರೆ ಅದರ ಸರಾಸರಿ 40 ಆಗುತ್ತದೆ; ಒಟ್ಟು ಉತ್ತೀರ್ಣಾಂಕ 64ರಿಂದ 60ಕ್ಕೆ ಇಳಿಯುತ್ತದೆ. ಅನಿಶ್ಚಯವೂ ಸುಮಾರು 3 ಅಂಕಕ್ಕೆ ತಗ್ಗುತ್ತದೆ.

ಇಲ್ಲಿ ಎಚ್ಚರ ಅಗತ್ಯ. ಅಂಕಿ ಅಂಶಗಳನ್ನು ಮೊದಲೇ ತೋರಿಸಿದರೆ ತೀರ್ಪುಗಾರರು ಅವನ್ನೇ ನಕಲು ಮಾಡಿಯಾರು. ಆಗ ಉತ್ತೀರ್ಣಾಂಕವು 'ಎಷ್ಟು ತಿಳಿದಿರಬೇಕು' ಎಂಬುದನ್ನು ಬಿಟ್ಟು, 'ಇತರರು ಎಷ್ಟು ತಿಳಿದಿದ್ದಾರೆ' ಎಂಬುದನ್ನು ಹೇಳತೊಡಗುತ್ತದೆ. ಆದುದರಿಂದ ಮೊದಲ ಸುತ್ತು ಪ್ರತಿಯೊಬ್ಬನ ಸ್ವತಂತ್ರ ಅಂದಾಜಾಗಿಯೇ ಇರಬೇಕು. ಮತ್ತೊಂದು ಸಣ್ಣ ಪರೀಕ್ಷೆಯೂ ಉಪಯುಕ್ತ: ನಾಲ್ಕು ಸೂಚಿತ ಉತ್ತರಗಳಿರುವಾಗ ಕಣ್ಣುಮುಚ್ಚಿ ಗುರುತು ಹಾಕಿದರೂ ನೂರರಲ್ಲಿ ಸುಮಾರು 25 ಮಂದಿ ಗೆಲ್ಲುತ್ತಾರೆ. ಹಲವು ಪ್ರಶ್ನೆಗಳಿಗೆ ಅದಕ್ಕಿಂತ ಕಡಮೆ ಬರೆದ ತೀರ್ಪುಗಾರನಿಗೆ ಕೆಲಸವು ಅರ್ಥವಾಗಿಲ್ಲವೆಂದೇ ತಿಳಿಯಬೇಕು.

ಕೊನೆಗೆ ಉಳಿಯುವ ಪ್ರಶ್ನೆ ನ್ಯಾಯದ್ದು. ಗೆರೆ 60, ಅನಿಶ್ಚಯ 3. 58 ಅಂಕ ಪಡೆದವಳ ಗತಿಯೇನು? ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಹನಿಗಳ ಲೆಕ್ಕ ತಪ್ಪಿದರೆ ರೋಗಿಗೆ ಅಪಾಯ. ಅಂತಹ ಪರೀಕ್ಷೆಯಲ್ಲಿ ಗೆರೆಯನ್ನು ತಗ್ಗಿಸದಿರುವುದು, ಅವಳಿಗೆ ಶೀಘ್ರದಲ್ಲಿಯೇ ಮತ್ತೊಂದು ಅವಕಾಶ ಕೊಡುವುದು ನ್ಯಾಯ. ಶಾಲೆಯ ಪರೀಕ್ಷೆಯಲ್ಲಿಯಾದರೆ ಒಬ್ಬ ಯೋಗ್ಯನನ್ನು ಕಾರಣವಿಲ್ಲದೆ ತಡೆಯುವುದೇ ದೊಡ್ಡ ಹಾನಿ. ಅಲ್ಲಿ ಸಂಶಯದ ಲಾಭ ವಿದ್ಯಾರ್ಥಿಗೆ ಸಲ್ಲಬೇಕು. ಯಾವ ದಾರಿ ಹಿಡಿದರೂ ಫಲಿತಾಂಶದ ಪಕ್ಕದಲ್ಲಿ ತೀರ್ಪುಗಾರರ ಸಂಖ್ಯೆ, ಅವರ ಅಂದಾಜುಗಳ ಚೆದರಿಕೆ, ಎರಡನೆಯ ಸುತ್ತಿನಲ್ಲಿ ಆದ ಬದಲಾವಣೆ, ಈ ಮೂರನ್ನೂ ಅಚ್ಚು ಹಾಕಬೇಕು. ಉತ್ತೀರ್ಣಾಂಕ ಆಕಾಶದಿಂದ ಇಳಿದುದಲ್ಲ, ಕೆಲವರು ಕುಳಿತು ಆಡಿದ ತೀರ್ಪು. ಆ ತೀರ್ಪಿನಿಂದ ಹೊರಗುಳಿದವರಿಗೆ ಅದರ ಕಾರಣವನ್ನು ಕೇಳುವ ಹಕ್ಕಿದೆ.