ಅಪ್ಪನ ಗುಳಿಗಿ, ಡಾಕ್ಟರಿಗೊಂದು ಚೀಟಿ

ಅಕ್ಕತಂಗೇರ, ದವಾಖಾನ್ಯಾಗ "ಬಿಪಿದೊಂದು, ಸಕ್ಕರೀದೊಂದು ಗುಳಿಗಿ ತಗೋತಾರ್ರಿ" ಅಂತ ಬಾಯಿಲೆ ಹೇಳಿದ್ರ ಸಾಕಾಗಂಗಿಲ್ಲ ಅಂತೀನಿ ನಾ. ಯಾಕಂತ ಕೇಳ್ರಿ.

ಹೋದ ವರ್ಷ ಬಳಗಾನೂರಾಗ ನಮ್ಮಪ್ಪ ಬಚ್ಚಲದಾಗ ಜಾರಿ ಬಿದ್ದು ತೊಡಿ ಮ್ಯಾಲಿನ ಎಲುಬು ಮುರ್ಕೊಂಡ. ಸಿಂಧನೂರಿಗೆ ಒಯ್ದ್ವಿ. ಅಣ್ಣ ಡಾಕ್ಟರಿಗೆ, "ಬಿಪಿ, ಸಕ್ಕರಿ ಅದರಿ, ಯಾವುದೋ ಗುಳಿಗಿ ಆಗಿ ಬರಂಗಿಲ್ರಿ" ಅಂದ. ಅಷ್ಟ. ನಾ ಮನೀಗೆ ಹೋಗಿ ಅಪ್ಪನ ಡಬ್ಬಿ ತೆಗದು, ಪಟ್ಟಿಗಳ ಹಿಂದಿನ ಸಣ್ಣ ಅಕ್ಷರ ಓದಿ ಬರದೆ:

"ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮ ತಂದಿ, ವಯಸ್ಸು 74. ಐದು ವರ್ಷದ ಹಿಂದ ಎದಿಗೆ ಸ್ಟೆಂಟ್ ಹಾಕ್ಯಾರ. ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ಮುಂಜಾನಿ-ರಾತ್ರಿ ಊಟದ ಮ್ಯಾಲೆ. ಆಮ್ಲೊಡಿಪಿನ್ 5, ಮುಂಜಾನಿ. ರಾತ್ರಿ ಒಂದು ಕ್ಯಾಪ್ಸೂಲ್, ಅದರಾಗ ಆಸ್ಪಿರಿನ್ 75, ಕ್ಲೊಪಿಡೋಗ್ರೆಲ್ 75, ಅಟೋರ್ವಾಸ್ಟಾಟಿನ್ 10. ಕಡೀಕ ತಗೊಂಡಿದ್ದು ನಿನ್ನೆ ರಾತ್ರಿ 9ಕ್ಕ. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ವಾರಕ್ಕ ಎರಡು. ಕೋಟ್ರೈಮಾಕ್ಸಜೋಲ್ ಅನ್ನೋ ಸಲ್ಫಾ ಗುಳಿಗಿ ತಗೊಂಡಾಗ ಮೈಯೆಲ್ಲಾ ಕೆಂಪು ದದ್ದು ಎದ್ದು, ತುಟಿ ಬಾತು, ಬಾಯಾಗ ಬೊಬ್ಬೆ ಬಂದಿದ್ವು. ಮೆಟ್‌ಫಾರ್ಮಿನ್ನಿಂದ ಮೊದಮೊದಲು ಹೊಟ್ಟಿ ಕೆಡ್ತಿತ್ತು, ಈಗಿಲ್ಲ."

ಡಾಕ್ಟರ್ ಓದ್ತಾ ಓದ್ತಾ ಕ್ಯಾಪ್ಸೂಲಿನ ಸಾಲಿಗೆ ನಿಂತ್ರು. ನಾವು "ಎದಿ ಗುಳಿಗಿ" ಅಂತಿದ್ದ ಅದ ಒಂದರಾಗ ರಕ್ತ ಹೆಪ್ಪುಗಟ್ಟದಂಗ ಮಾಡೋ ಎರಡು ಔಷಧ ಇದ್ವು. ಇಂಥ ಆಪರೇಷನ್ನಿಗೆ ಬೆನ್ನಿಗೆ ಸೂಜಿ ಹಾಕಿ ಜೋಮು ಹಿಡಿಸ್ತಾರಲ್ಲ, ಕ್ಲೊಪಿಡೋಗ್ರೆಲ್ ಮೈಯಾಗ ಇದ್ದಾಗ ಹಂಗ ಹಾಕಿದ್ರ ಒಳಗ ರಕ್ತ ಸೋರಿ ನರ ಒತ್ತೋ ಭಯ ಇರ್ತದಂತ. ಕಾಲಿನ ಶಕ್ತೀನ ಹೋಗಬಹುದು. ಅದಕ್ಕ ಪೂರ್ತಿ ಎಚ್ಚರ ತಪ್ಪಿಸಿ ಮಾಡೋದಂತ ತೀರ್ಮಾನ ಮಾಡಿದ್ರು. ಎದಿ ಡಾಕ್ಟರನ್ನ ಕೇಳೇ ಮುಂದಿನ ಡೋಸು ಹೇಳಿದ್ರು. ಆ ಗುಳಿಗಿ ನಾವಾಗೇ ನಿಲ್ಲಿಸಬಾರದು, ಸ್ಟೆಂಟಿನಾಗ ರಕ್ತ ಕಟ್ಟಬಹುದು.

ಇನ್ನ ಅಲರ್ಜಿ ಮಾತು. "ಆಗಿ ಬರಂಗಿಲ್ಲ" ಅಂದ್ರ ಏನು ತಿಳೀತದ? ಹೊಟ್ಟಿ ಕೆಟ್ಟಿದ್ದು ಬ್ಯಾರೆ, ತುಟಿ ಬಾತಿದ್ದು ಬ್ಯಾರೆ. ಎರಡನ್ನೂ ಅಲರ್ಜಿ ಅಂತ ಬರಸಿದ್ರ ಬೇಕಾದ ಔಷಧಾನೂ ತಪ್ಪಿಹೋಗ್ತದ. ಏನಾಯ್ತು ಅನ್ನೋದಷ್ಟ ನಾವು ಬರಿಯೋದು, ಅಲರ್ಜಿ ಹೌದೋ ಅಲ್ಲೋ ಅವರು ನೋಡ್ತಾರ.

ಅಣ್ಣ "ಡೈಕ್ಲೊಫೆನಾಕ್ ಯಾಕ ಬರದಿ, ಬೈತಾರ" ಅಂದಿದ್ದ. ಬೈದ್ರು ಹೌದು. ಆದ್ರ ರಕ್ತ ತಿಳಿ ಮಾಡೋದರ ಜೋಡಿ ಅದು ಸೇರಿದ್ರ ಹೊಟ್ಟ್ಯಾಗ ರಕ್ತ ಸೋರಬಹುದಂತ ಹೇಳಿ, ನೋವಿಗೆ ಬ್ಯಾರೆ ಕೊಟ್ರು.

ಈಗ ಆ ಚೀಟಿ ಗುಳಿಗಿ ಡಬ್ಬಿ ಒಳಗೊಂದು, ನನ್ನ ಪರ್ಸಿನಾಗೊಂದು ಅದ. ಗುಳಿಗಿ ಬದಲಾದ ದಿನಾನ ತಾರೀಖು ಹಾಕಿ ಹೊಸದು ಬರದು, ಹಳೇದನ್ನ ಒಲಿಗೆ ಹಾಕ್ತೀನಿ. ಹಳೇ ಚೀಟಿ ನಂಬಿದ್ರ ಚೀಟಿ ಇಲ್ಲದಕ್ಕಿಂತ ಕೆಟ್ಟದ್ದು.