ಬಸುರಿಯ ಜ್ವರ: ಏರಿದಾಗಲೂ ಇಳಿದಾಗಲೂ ಎಚ್ಚರ

ಗರ್ಭಿಣಿಯ ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಜ್ವರ ಬಿಟ್ಟ ಮೇಲೂ ಎರಡು ದಿನ ಆಕೆಯ ಮೇಲೆ ಕಣ್ಣಿಟ್ಟಿರಬೇಕು. ‘ಮೂರು ದಿನ ನೋಡೋಣ’ ಎಂಬ ಮಾತು ಉಳಿದವರಿಗೆ ನಡೆದೀತು, ಬಸುರಿಗೆ ನಡೆಯದು. ಮಳೆಗಾಲದ ಡೆಂಗಿ, ಮಲೇರಿಯಾ, ಫ್ಲೂ ಮೂರೂ ಮೊದಲ ದಿನ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಯಾವುದೆಂದು ತಿಳಿಯಲು ರಕ್ತಪರೀಕ್ಷೆ ಬೇಕು, ಅದಕ್ಕೆ ಮುಖ ನೋಡಿ ಮಾಡುವ ಊಹೆ ಸಾಲದು.

ಜ್ವರ ತಗ್ಗಿಸಲು ಮೂರಕ್ಕೂ ಸಲ್ಲುವ ಮಾತ್ರೆ ಒಂದೇ: ಪ್ಯಾರಸಿಟಮಾಲ್. 500 ಅಥವಾ 650 ಮಿಲಿಗ್ರಾಂನ ಒಂದು ಮಾತ್ರೆಯನ್ನು ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ, ಗರ್ಭದ ಯಾವ ತಿಂಗಳಲ್ಲಾದರೂ ಕೊಡಬಹುದು. ಯಕೃತ್ತಿನ ತೊಂದರೆ ಇದ್ದವರು ಮಾತ್ರ ಮೊದಲೇ ವೈದ್ಯರನ್ನು ಕೇಳಬೇಕು. ಕಷ್ಟ ಶುರುವಾಗುವುದು ಮೆಡಿಕಲ್ ಶಾಪಿನಲ್ಲಿ ‘ಮೈಕೈ ನೋವಿಗೂ ಆಗುವಂಥದ್ದು’ ಎಂದು ಕೇಳಿ ತಂದ ಮಾತ್ರೆಯಿಂದ. ಅದರಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಅಥವಾ ನಿಮೆಸುಲೈಡ್ ಬೆರೆತಿರಬಹುದು. ಡೆಂಗಿಯಲ್ಲಿ ಇಂಥವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. 20 ವಾರಗಳ ನಂತರ ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು ಗರ್ಭದ ನೀರನ್ನು ಕಡಿಮೆ ಮಾಡಬಹುದು. ರಕ್ತದೊತ್ತಡದ ಭಯಕ್ಕೆ ವೈದ್ಯರು ಮೊದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದಿದ್ದರೆ, ಜ್ವರ ಬಂದ ಕೂಡಲೇ ಆ ವಿಷಯ ಹೇಳಿ ಮುಂದುವರಿಸುವುದೋ ಬಿಡುವುದೋ ಕೇಳಬೇಕು.

ಡೆಂಗಿಯಲ್ಲಿ ಜನ ಮೋಸಹೋಗುವುದು ಜ್ವರ ಇಳಿದ ದಿನ. 30 ವಾರದ ಬಸುರಿಯೊಬ್ಬಳ ಉದಾಹರಣೆ ತೆಗೆದುಕೊಳ್ಳಬಹುದು. ಮೊದಲ ದಿನ 102 ಡಿಗ್ರಿ ಜ್ವರ, ಎನ್‌ಎಸ್1 ಪರೀಕ್ಷೆಯಲ್ಲಿ ಡೆಂಗಿ ಖಚಿತವಾಯಿತು, ಪ್ಲೇಟ್‌ಲೆಟ್ 1.8 ಲಕ್ಷ, ಹೆಮಟೋಕ್ರಿಟ್ 33. ನಾಲ್ಕನೆಯ ಬೆಳಿಗ್ಗೆ ಜ್ವರ ಬಿಟ್ಟಿತು, ಮನೆಯವರಿಗೆ ನಿರಾಳ. ಮಧ್ಯಾಹ್ನದ ಹೊತ್ತಿಗೆ ಮೂರು ಸಲ ವಾಂತಿ, ಮೇಲುಹೊಟ್ಟೆಯಲ್ಲಿ ನೋವು. ಬೆಳಗಿನಿಂದ ಮೂತ್ರವೇ ಹೋಗಿಲ್ಲ. ಮತ್ತೆ ಪರೀಕ್ಷಿಸಿದರೆ ಪ್ಲೇಟ್‌ಲೆಟ್ 62 ಸಾವಿರ, ಹೆಮಟೋಕ್ರಿಟ್ 40.

ಎಲ್ಲರ ಕಣ್ಣೂ 62 ಸಾವಿರದ ಮೇಲೆ ಬೀಳುತ್ತದೆ. ನಿಜವಾದ ಎಚ್ಚರಿಕೆ ಇರುವುದು 40ರಲ್ಲಿ. ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಿದಾಗ ಉಳಿದ ರಕ್ತ ಗಟ್ಟಿಯಾಗುತ್ತದೆ, ಹೆಮಟೋಕ್ರಿಟ್ ಏರುತ್ತದೆ. ಬಸುರಿನಲ್ಲಿ ರಕ್ತ ಸಹಜವಾಗಿಯೇ ತೆಳುವಾಗಿರುವುದರಿಂದ 40 ಎಂಬ ಅಂಕಿ ಹಳೆಯ ವರದಿ ಇಲ್ಲದ ಕಡೆ ‘ಸರಿಯಾಗಿಯೇ ಇದೆ’ ಎನಿಸಿಬಿಡುತ್ತದೆ. 33ರ ಪಕ್ಕದಲ್ಲಿಟ್ಟರೆ ಮಾತ್ರ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದ್ದು ಕಾಣುತ್ತದೆ. ಮೊದಲ ದಿನವೇ ರಕ್ತಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ತಾಯಿ ಕಾರ್ಡಿನೊಳಗೆ ಜೋಪಾನವಾಗಿಡಬೇಕೆನ್ನುವುದು ಇದಕ್ಕೇ.

ಈಕೆಯನ್ನು ದಾಖಲು ಮಾಡಿಕೊಂಡು ಅಳತೆಯಾಗಿ ಸಲೈನ್ ದ್ರವ ಕೊಡಬೇಕಾಗುತ್ತದೆ. ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ. ಹೆಚ್ಚಾದರೆ, ಒಂದೆರಡು ದಿನದಲ್ಲಿ ಸೋರಿದ ನೀರು ಹಿಂದಿರುಗುವಾಗ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ರಕ್ತಸ್ರಾವ ಇಲ್ಲದಿದ್ದರೆ 62 ಸಾವಿರಕ್ಕೆ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ. ಪಪ್ಪಾಯಿ ಎಲೆಯ ರಸ ಈ ಸೋರಿಕೆಯನ್ನು ನಿಲ್ಲಿಸುವುದಿಲ್ಲ, ವಾಂತಿಯಾಗುತ್ತಿರುವ ಬಸುರಿಗೆ ಅದನ್ನು ಕುಡಿಸಲೇಬಾರದು. ಪ್ಲೇಟ್‌ಲೆಟ್ ಇಳಿದಿರುವಾಗ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿದರೂ ಒಳಗೆ ರಕ್ತ ಹೆಪ್ಪುಗಟ್ಟಬಹುದು. ನಿಲ್ಲದ ವಾಂತಿ, ಹೊಟ್ಟೆನೋವು, ಒಸಡಿನಲ್ಲಾಗಲಿ ಕೆಳಗಾಗಲಿ ರಕ್ತ, ತಣ್ಣಗಾದ ಕೈಕಾಲು, ಮಂಪರು, ಏದುಸಿರು, ಮಗುವಿನ ಮಿಸುಕಾಟ ತಗ್ಗಿದ್ದು: ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಿರಲಿ, 108ಕ್ಕೆ ಕರೆ ಮಾಡಿ ಹೊರಡಬೇಕು.

ಮಲೇರಿಯಾದ ಕಷ್ಟ ಬೇರೆ. ಅದರ ರೋಗಾಣು ಮಾಸುಚೀಲದಲ್ಲಿ ಅಡಗಿರಬಲ್ಲದು. ಹೀಗಾಗಿ ಒಂದು ಸಲ ರಕ್ತಲೇಪನದಲ್ಲಿ ಕಾಣದಿದ್ದರೂ ಜ್ವರ ಮರುಕಳಿಸಿದರೆ ಮತ್ತೆ ಪರೀಕ್ಷೆ ಮಾಡಿಸಬೇಕು. ಕರಾವಳಿಯಲ್ಲಿ ಇರುವವರು, ಅಲ್ಲಿಗೆ ಕೆಲಸಕ್ಕೆ ಹೋಗಿಬಂದವರು ಅದನ್ನು ವೈದ್ಯರಿಗೆ ತಿಳಿಸಬೇಕು. ವೈವಾಕ್ಸ್ ಮಲೇರಿಯಾಕ್ಕೆ ಮೂರು ದಿನದ ಕ್ಲೋರೊಕ್ವಿನ್ ಗರ್ಭದ ಎಲ್ಲ ತಿಂಗಳಲ್ಲೂ ಸುರಕ್ಷಿತ. ಫಾಲ್ಸಿಪಾರಮ್‌ಗೆ ತಿಂಗಳು ನೋಡಿ ವೈದ್ಯರು ಔಷಧಿ ಆರಿಸುತ್ತಾರೆ. ಮಾತ್ರೆಗೆ ಹೆದರಿ ಮಲೇರಿಯಾವನ್ನು ಹಾಗೇ ಬಿಡುವುದು ತಪ್ಪು. ಅದರಿಂದ ತಾಯಿಗೆ ರಕ್ತಹೀನತೆ, ಮಗುವಿಗೆ ತೂಕದ ಕೊರತೆ. ಬಸುರಿಗೆ ಕೊಡಬಾರದ್ದು ಪ್ರೈಮಾಕ್ವಿನ್: ಅದು ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಮನೆಯಲ್ಲಿ ಬೇರೆಯವರಿಗೆ ಕೊಟ್ಟ 14 ದಿನದ ಮಾತ್ರೆಯನ್ನು ಹಂಚಿಕೊಳ್ಳುವುದು ಅಪಾಯ.

ಕೆಮ್ಮು, ಗಂಟಲುನೋವಿನ ಜೊತೆ ಬಂದ ಜ್ವರ ಫ್ಲೂ ಎಂದು ವೈದ್ಯರಿಗೆ ಅನ್ನಿಸಿದರೆ ಒಸೆಲ್ಟಮಿವಿರ್ 75 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಐದು ದಿನ ಕೊಡುತ್ತಾರೆ. ಮೊದಲ 48 ಗಂಟೆಯೊಳಗೆ ಶುರುವಾದರೆ ಅದರ ಫಲ ಹೆಚ್ಚು, ಆದ್ದರಿಂದ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವುದಿಲ್ಲ. ಅಂಗಡಿಯ ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುವುದರಿಂದ ಎರಡನ್ನೂ ಸೇರಿಸಿ ನುಂಗಿದರೆ ಪ್ರಮಾಣ ಮೀರುತ್ತದೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್‌ಗಳು ಫ್ಲೂಗೂ ಡೆಂಗಿಗೂ ಕೆಲಸ ಮಾಡುವುದಿಲ್ಲ, ಬಸುರಿನಲ್ಲಿ ಅವನ್ನು ಸಾಮಾನ್ಯವಾಗಿ ಕೊಡುವುದೂ ಇಲ್ಲ. ಫ್ಲೂ ಲಸಿಕೆಯ ಇಂಜೆಕ್ಷನ್ನನ್ನು ಮಾತ್ರ ಗರ್ಭದ ಯಾವ ತಿಂಗಳಲ್ಲಾದರೂ ಹಾಕಿಸಬಹುದು. ಅದರ ರಕ್ಷಣೆ ಹುಟ್ಟಿದ ಮಗುವಿಗೂ ಮೊದಲ ಕೆಲವು ತಿಂಗಳು ದೊರೆಯುತ್ತದೆ.